ಮಕ್ತುಮ್ ಸಾಬರ ಲಾಡಿಹುಳ

ಹರಿಹರದಲ್ಲಿ ಮಕ್ತುಮ್ ಸಾಬರ ನಾಲಿಗೆಗೆ ದೊಡ್ಡ ಹೆಸರು. ಕೋಣದ ಮಾಂಸ ಕೊಚ್ಚಿ, ಆ ಕೈಮಾಕ್ಕೆ ಮಸಾಲೆ ಕಲಸಿ, ಹಸಿಯಾಗಿದ್ದಾಗಲೇ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು "ಉಪ್ಪು ಸಾಲ್ದು" ಅಂದರೆ ಸಾಲದು, ಅಷ್ಟೇ. ಮೂವತ್ತು ವರ್ಷದಿಂದ ಅವರ ಅಂಗಡಿಯ ಸೀಕ್ ಕಬಾಬು ಹೀಗೇ ಆಗಿದ್ದು.

ಒಂದು ಬೆಳಿಗ್ಗೆ ಪೈಜಾಮದೊಳಗೆ ಬಿಳಿ ಚೂರೊಂದು ಕಂಡಿತು. ಲಾಡಿ ಎಳೆ ಬಿಟ್ಟಿದೆ ಅಂದುಕೊಂಡು ಕಿತ್ತುಹಾಕಲು ಹೋದರು. ಚೂರು ಮೈ ಮುದುಡಿ ಮುಂದಕ್ಕೆ ತೆವಳಿತು!

ಊರಿನ ಡಾಕ್ಟರಿಗೆ ತೋರಿಸಿದರೆ ಸಂಜೆಯೊಳಗೆ ಬಜಾರಿಗೆಲ್ಲ ಸುದ್ದಿ. ಹಾಗಾಗಿ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ದಾವಣಗೆರೆ ಬಸ್ ಹತ್ತಿದರು. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಾಣಿ ಡಬ್ಬಿ ತೆರೆದು ನೋಡಿದರು.

"ನಂದಲ್ಲ ಡಾಕ್ಟ್ರಮ್ಮ, ನಮ್ಮ ದೋಸ್ತಂದು," ಅಂದರು ಸಾಬರು.

"ಏನ್ ಕೆಲ್ಸ ಮಾಡ್ತಾರ್ರಿ ನಿಮ್ಮ ದೋಸ್ತ್?"

"ಕಬಾಬ್ ಮಾಡ್ತಾನ."

"ಹಸಿ ಕೈಮಾ ರುಚಿ ನೋಡ್ತಾರಾ?"

"ನೋಡ್ದೆ ಉಪ್ಪು ಹೆಂಗೆ ಗೊತ್ತಾಗ್ಬೇಕ್ರಿ? ಮೂವತ್ತು ವರ್ಷದಿಂದ ನಾನು..." ಸಾಬರು ನಾಲಿಗೆ ಕಚ್ಚಿಕೊಂಡರು.

ವಾಣಿ ನಗು ತಡೆದುಕೊಂಡರು. "ಇದು ಲಾಡಿಹುಳ. ಹುಳ ಇದ್ದೋರು ಬಯಲಿಗೆ ಹೋದ್ರೆ ಅವರ ಮಲದಾಗಿನ ಮೊಟ್ಟೆ ಹುಲ್ಲಿಗೆ ಸೇರ್ತಾವೆ. ಅದನ್ನ ದನ, ಎಮ್ಮೆ ಮೇಯ್ತಾವೆ. ಅವುಗಳ ಹೊಟ್ಟೆಯಾಗೆ ಮೊಟ್ಟೆ ಒಡೆದು, ಮರಿ ಹೋಗಿ ಮಾಂಸದಾಗೆ ಸಣ್ಣ ಗುಳ್ಳೆ ಕಟ್ಕೊಂಡು ಕೂರ್ತೈತೆ. ಆ ಮಾಂಸನ ಸರಿಯಾಗಿ ಬೇಯಿಸ್ದೆ ತಿಂದ್ರೆ ನಮ್ಮ ಕರುಳಾಗೆ ಗಜಗಟ್ಟಲೆ ಬೆಳೀತೈತೆ."

"ಗಜಗಟ್ಟಲೆ!" ಸಾಬರು ಹೊಟ್ಟೆ ಮುಟ್ಟಿಕೊಂಡರು. "ಮನೆಯವ್ರಿಗೂ ಹತ್ತತೈತಾ?"

"ನಿಮ್ಮಿಂದ ನೇರ ಹತ್ತಲ್ಲ. ದನದ ಮೈ ಹೊಕ್ಕೇ ಅದು ಬರ್ಬೇಕು. ಆದ್ರೆ ನಿಮ್ಮ ಕಬಾಬ್ ಒಳಗೆ ಬೆಂದಿರ್ತೈತಾ?"

ಒಳಗೆ ಸ್ವಲ್ಪ ಕೆಂಪು, ರಸರಸ. ಅದೇ ಅವರ ಹೆಮ್ಮೆಯಾಗಿತ್ತು. ಸಾಬರು ಇಲ್ಲ ಅಂತ ಒಪ್ಪಿಕೊಂಡರು.

"ಕೈಮಾ ನಡುಮಧ್ಯದವರೆಗೂ ಎಪ್ಪತ್ತೊಂದು ಡಿಗ್ರಿ ಕಾಯ್ಬೇಕು. ಫ್ರೀಜರ್‌ನಾಗೆ ಮೈನಸ್ ಇಪ್ಪತ್ತು ಡಿಗ್ರಿಗೆ ಒಂದು ವಾರ ಇಟ್ರೂ ಮರಿ ಸಾಯ್ತಾವೆ. ಹಂಗಂತ ಬೇಯಿಸೋದು ಬಿಡ್ಬ್ಯಾಡ್ರಿ, ಬೇರೆ ರೋಗಾಣು ಇರ್ತಾವೆ."

ಒಂದೇ ಸಲದ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬರಲು ಹೇಳಿದರು.

ಸಾಬರು ವಾಪಸ್ ಬರುವಾಗ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ತಂದರು. ಮಗಳು ಫಿಜಾ "ಯಾರಿಗೆ ಜ್ವರ ಅಬ್ಬಾ?" ಅಂತ ಕೇಳಿದಾಗ ಮುಚ್ಚಿಡಲಾಗದೆ ಎಲ್ಲ ಹೇಳಿದರು. ಅವಳು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಕಣ್ಣೊರೆಸಿಕೊಂಡು, "ಗಿರಾಕಿಗಳಿಗೂ ಹೇಳ್ಬೇಕು, ಅಬ್ಬಾ," ಅಂದಳು.

ಆ ಮಾತು ಸಾಬರಿಗೆ ಹುಳಕ್ಕಿಂತ ಭಾರವಾಯಿತು. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೇ ದಿನ ತೆರೆದು, ಬಂದ ಗಿರಾಕಿಗಳಿಗೆ ಇದ್ದುದನ್ನು ಇದ್ದಹಾಗೆ ಹೇಳಿಬಿಟ್ಟರು. ಕೆಲವರು ತಟ್ಟೆ ಇಟ್ಟು ಎದ್ದರು. ಇಬ್ಬರು ಪರೀಕ್ಷೆ ಮಾಡಿಸಿದರು, ಒಬ್ಬರಿಗೆ ಹುಳ ಸಿಕ್ಕಿ ಮಾತ್ರೆಗೆ ಹೋಯಿತು. ಅವರೇ ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು, "ನಾಲ್ಕು ಸೀಕ್ ಕೊಡ್ರಿ ಸಾಬ್ರೆ, ಡಿಗ್ರಿ ನೋಡಿ ಕೊಡ್ರಿ," ಅಂದರು.

ಈಗ ಉಪ್ಪು ನೋಡಲು ಬಿಲ್ಲೆಯಷ್ಟು ಕೈಮಾ ಕಾವಲಿ ಮೇಲೆ ಬೇಯುತ್ತದೆ. ಅದು ಬೇಯುವವರೆಗೆ ಕಾಯುವುದಷ್ಟೇ ಸಾಬರಿಗೆ ಇನ್ನೂ ಕಷ್ಟ.