ಬಂಗಾರಪ್ಪನ ಜೀಪಿನ ಎರಡನೇ ಅಕ್ಷರ

ಹಬೀಬುಲ್ಲಾನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಶಿಕಾರಿಪುರದ ಪೇಟೆಯಲ್ಲಿ ನನ್ನ ಮೇಜಿನ ನೇರಕ್ಕೆ, ರಸ್ತೆಯ ಆ ಬದಿಗೆ ಅವನ ಫೋಟೊ ಸ್ಟುಡಿಯೋ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವನ ಬೋರ್ಡು ನನ್ನ ಕಣ್ಣಿಗೆ ಹೊಡೆಯುತ್ತದೆ.

ನಾನು ಶೇಷಪ್ಪ, ಗಾಡಿ ಕಾಗದದವನು. ಹನ್ನೆರಡು ವರ್ಷದಿಂದ ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕಿನಲ್ಲಿ ಯಾರು ಲಾರಿ ಕೊಳ್ಳಲಿ, ಮೋಟಾರ್ ಸೈಕಲ್ ಕೊಳ್ಳಲಿ, ಅರ್ಜಿ ತುಂಬುವುದು ನಾನೇ. ನೇರಳೆ ಶಾಯಿಯ ನನ್ನ ಅಕ್ಷರವನ್ನು ದೂರದಿಂದಲೇ ಗುರುತಿಸುತ್ತಿದ್ದರು. ವಿಮಾ ಕಂಪನಿಯ ಏಜೆಂಟರು ಪರಮಶಿವಪ್ಪನವರು ಕೂಡ ಯಾವ ಕ್ಲೇಮು ಬಂದರೂ ನನ್ನನ್ನು ಕರೆಯುತ್ತಿದ್ದರು. ನಾನು ಗಾಡಿ ಇದ್ದಲ್ಲಿಗೇ ಹೋಗಿ ನಂಬರು ಓದಿ, ನೋಂದಣಿ ಪತ್ರ ಆರ್.ಸಿ. ಜೊತೆ ತಾಳೆ ಹಾಕಿ, ಸರಿ ಇದೆ ಎಂದು ಬರೆದುಕೊಟ್ಟರೆ ಮುಗಿಯಿತು.

ಐವತ್ತೆಂಟನೇ ಇಸವಿಯಲ್ಲಿ ಕಂಪನಿಯವರಿಗೆ ಹೊಸ ಹುಚ್ಚು ಹಿಡಿಯಿತು. ಕ್ಲೇಮಿನ ಜೊತೆ ನಂಬರ್ ಪ್ಲೇಟಿನದೊಂದು, ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಚಾಸಿಯ ಮೇಲೆ ಕೆತ್ತಿದ ನಂಬರಿನದೊಂದು ಫೋಟೊ ಬೇಕಂತೆ. ಹಬೀಬುಲ್ಲಾ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಟ. ಹಳ್ಳಿಗಳಲ್ಲಿ ನನಗೆ ಸಿಗುತ್ತಿದ್ದ ಮಣೆ, ಮಜ್ಜಿಗೆ ಎಲ್ಲ ಅವನಿಗೆ ಸಿಗತೊಡಗಿತು. ನಾನು ಪೇಟೆಯಲ್ಲಿ ಕೂತು ಅವನು ತಂದ ಫೋಟೊ ನೋಡಬೇಕು! ಸಾಲದ್ದಕ್ಕೆ ಪರಮಶಿವಪ್ಪನವರು ಒಂದು ದಿನ ಹೇಳಿದರು: "ಕಂಪನಿಯೋರು ಎರಡೂ ತಾಲ್ಲೂಕಿಗೆ ಒಬ್ಬ ತಪಾಸಣೆಯವನ್ನ ತಿಂಗಳ ಸಂಬಳಕ್ಕೆ ಇಟ್ಕೊಳ್ರಿ ಅಂತ ಬರೆದಾರ. ನೀವೋ ಹಬೀಬುಲ್ಲಾನೋ ನೋಡಬೇಕು."

ನೋಡಬೇಕಂತೆ. ಹನ್ನೆರಡು ವರ್ಷ ಕಣ್ಣು ಸವೆಸಿದವನು ಮತ್ತು ಮದುವೆ ಗಂಡುಗಳಿಗೆ ಗಲ್ಲ ಎತ್ತಿಸಿ ಫೋಟೊ ಹಿಡಿಯುವವನು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ! ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೀಗಿರುವಾಗ ಹೊಸಬಾಳೆಯ ಬಂಗಾರಪ್ಪನ ಜೀಪು ಅಂಬ್ಲಿಗೊಳದ ಹತ್ತಿರ ಕಾಲುವೆಗೆ ಮಗುಚಿತು. ಯಾರಿಗೂ ಏನೂ ಆಗಲಿಲ್ಲ, ಜೀಪಿನ ಮೂತಿ ಮಾತ್ರ ಜಜ್ಜಿಹೋಯಿತು. ಗಾಡಿಯನ್ನು ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ವರ್ಕ್‌ಶಾಪಿಗೆ ಎಳೆದು ತಂದರು. ಹಬೀಬುಲ್ಲಾ ಹೋಗಿ ಫೋಟೊ ತೆಗೆದ. ಮಾರನೆಯ ದಿನ ಪರಮಶಿವಪ್ಪನವರ ಅಂಗಡಿಯಲ್ಲಿ ಫೋಟೊ ಮತ್ತು ಆರ್.ಸಿ. ನನ್ನ ಮುಂದೆ ಬಂದವು. ಹಬೀಬುಲ್ಲಾ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ.

ನಾನು ಭೂತಗನ್ನಡಿ ತೆಗೆದೆ. ಇಡೀ ನಂಬರನ್ನು ಒಟ್ಟಿಗೆ ಓದುವವನು ಕೆಟ್ಟ. ಕಣ್ಣು ತನಗೆ ಬೇಕಾದ್ದನ್ನು ಓದಿಬಿಡುತ್ತದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಉಳಿದದ್ದನ್ನು ಕಾಗದದಿಂದ ಮುಚ್ಚಿ ನೋಡಬೇಕು. ಮೊದಲು ನಂಬರ್ ಪ್ಲೇಟು. ಎಂ, ವೈ, ಎಸ್. ಎಸ್ ಐದಿನಂತೆ ಕಂಡರೂ ಭಯವಿಲ್ಲ, ಪ್ಲೇಟಿನ ಮುಂಭಾಗದಲ್ಲಿ ಅಕ್ಷರ ಮಾತ್ರ, ಆಮೇಲೆ ಅಂಕಿ ಮಾತ್ರ. ಒಂದು, ಮೂರು, ಮೂರು, ಎಂಟು. ಎರಡನೇ ಮೂರರ ಮೇಲೆ ಕೆಸರು ಒಣಗಿ ಎಂಟರಂತೆ ಕಾಣುತ್ತಿತ್ತು. ಪಕ್ಕದ ಮೂರನ್ನೂ ಕೊನೆಯ ಎಂಟನ್ನೂ ಅದರ ಜೊತೆ ಹೋಲಿಸಿದೆ. ಬರೆದವನ ಕುಂಚ ಒಂದೇ, ಅದು ಮೂರೇ. ಆರ್.ಸಿ.ಯಲ್ಲೂ ಮೂರೇ. ಸರಿ.

ಆಮೇಲೆ ಚಾಸಿ ನಂಬರು. ಇಲ್ಲಿ ಅಕ್ಷರ, ಅಂಕಿ ಯಾವುದು ಎಲ್ಲಿ ಬರುತ್ತದೆಂದು ಹೇಳಲಾಗದು, ಆದ್ದರಿಂದ ಮೋಸ ಹೋಗುವುದೆಲ್ಲ ಇಲ್ಲೇ. ಆರ್.ಸಿ.ಯಲ್ಲಿ ಜೆ, ಎಂಟು, ನಾಲ್ಕು, ಒಂದು, ಎಂಟು, ಆರು, ಸೊನ್ನೆ ಎಂದಿತ್ತು. ಫೋಟೊದಲ್ಲಿ ಜೆ ಸರಿ. ಎರಡನೆಯದಕ್ಕೆ ಬಂದೆ. ಎಡಗಡೆಯ ಗೆರೆ ನೆಟ್ಟಗಿತ್ತು. ಐದನೆಯ ಜಾಗದ ಎಂಟನ್ನು ನೋಡಿದೆ, ಅದಕ್ಕೆ ಎರಡೂ ಕಡೆ ಗುಂಡು. ಮತ್ತೆ ಎರಡನೆಯದು. ಅದು ಎಂಟಲ್ಲ, ಬಿ.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಆರ್.ಸಿ. ಸರಕಾರದ್ದು, ಅದು ತಪ್ಪುವುದುಂಟೇ? ತಪ್ಪು ಫೋಟೊದ್ದೇ.

"ಪರಮಶಿವಪ್ಪನೋರೇ, ಈ ಫೋಟೊ ಸರಿ ಇಲ್ರೀ," ಎಂದೆ. "ಆರ್.ಸಿ.ಯಾಗ ಎಂಟು ಐತಿ, ಇದ್ರಾಗ ಬಿ ಐತಿ. ಫೋಟೊದೋರು ಮುಖದ ಕಲೆ ಅಳಸಾಕ ನೆಗೆಟಿವ್ ಮ್ಯಾಲೆ ಪೆನ್ಸಿಲ್ ಆಡಸ್ತಾರಲ್ರೀ, ಇಲ್ಲೂ ಆಡಸ್ಯಾರ. ಚಂದ ಕಾಣಲಿ ಅಂತ ಎಂಟಿನ ಬೆನ್ನು ನೆಟ್ಟಗ ಮಾಡ್ಯಾರ."

ಹಬೀಬುಲ್ಲಾ ಎದ್ದು ನಿಂತ. "ಶೇಷಪ್ಪಣ್ಣ, ನಾನು ನೆಗೆಟಿವ್ ಮುಟ್ಟಿಲ್ಲ," ಎಂದ. "ಬಟ್ಟೆ ಹಾಕಿ ತಿಕ್ಕಿ, ಅಕ್ಷರದಾಗ ಸುಣ್ಣದ ಪುಡಿ ತುಂಬಿ, ಪಕ್ಕದ ಬೆಳಕಿಗೆ ತೆಗದೇನಿ. ಇದ್ದದ್ದು ಬಂದೈತಿ."

"ಇದ್ದದ್ದು ಬಂದಿದ್ರ ಆರ್.ಸಿ. ಜೊತಿಗೆ ಕೂಡಬೇಕಿತ್ತಲ್ಲಪ್ಪಾ," ಎಂದೆ.

ಪರಮಶಿವಪ್ಪನವರ ಮುಖ ಗಂಟಾಯಿತು. ಫೋಟೊ ತಿದ್ದಿದ್ದಾನೆಂದರೆ ಹಬೀಬುಲ್ಲಾನನ್ನು ಹತ್ತಿರ ಸೇರಿಸುವಂತಿಲ್ಲ. ತಿದ್ದಿಲ್ಲವೆಂದರೆ ಜೀಪೇ ಬೇರೆ, ಬಂಗಾರಪ್ಪನ ಕ್ಲೇಮು ಬಿದ್ದುಹೋಯಿತು. "ನಾಳೆ ಮೂವರೂ ಸೊರಬಕ್ಕ ಹೋಗೋಣ್ರಿ. ಗಾಡಿನೇ ನೋಡಿಬಿಡೋಣ. ತಪ್ಪು ಯಾರದೈತೋ ಅವರಿಗೆ ಕೆಲಸ ಇಲ್ಲ, ಅಷ್ಟ," ಎಂದರು.

ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತೆ. ಮನಸ್ಸಿನಲ್ಲೇ ಹಬೀಬುಲ್ಲಾನ ಬೋರ್ಡು ಇಳಿಸಿ ಆಗಿತ್ತು. ಅವನು ಹಿಂದಿನ ಸೀಟಿನಲ್ಲಿ ಯಾರೋ ಮುದುಕಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹರಟುತ್ತಿದ್ದ. ಎಲ್ಲರಿಗೂ ಬೇಕಾದವನಾಗುವ ಆ ಚಾಳಿಯನ್ನು ನೋಡಿ ನನಗೆ ಮೈ ಉರಿಯಿತು.

ವರ್ಕ್‌ಶಾಪಿನಲ್ಲಿ ಬಂಗಾರಪ್ಪ ಕಾಯುತ್ತಿದ್ದ. "ಬನ್ನಿ ಬನ್ನಿ. ಎಂಟು ದಿವಸ ಆಯ್ತು ಮಾರಾಯ್ರೆ, ನೀವು ಹೂಂ ಅನ್ನದೆ ಇವರು ಒಂದು ಬೋಲ್ಟೂ ಬಿಚ್ಚೋದಿಲ್ಲ ಅಂತಾರೆ," ಎಂದ. ನಾನು ಪಂಚೆ ಎತ್ತಿ ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚಾಸಿಯನ್ನು ಉಜ್ಜಿದೆ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ತಿಕ್ಕಿದೆ. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಜೆ. ಅದರ ಪಕ್ಕ ನೆಟ್ಟಗಿನ ಬೆನ್ನು, ಎರಡು ಹೊಟ್ಟೆ. ಬಿ. ಎಷ್ಟು ತಿಕ್ಕಿದರೂ ಬಿ.

ಕಾಗದವನ್ನು ಪರಮಶಿವಪ್ಪನವರಿಗೆ ಕೊಟ್ಟೆ.

"ಹಂಗಾರ ಫೋಟೊ ಸರಿ ಐತಿ. ಆರ್.ಸಿ. ತಪ್ಪು," ಎಂದರು ಅವರು. "ಇದು ಹೆಂಗಾತು?"

"ನನ್ನ ಹತ್ರ ಅರ್ಜಿಯ ನಕಲು ಇದೆ ಕಣ್ರೀ," ಎಂದ ಬಂಗಾರಪ್ಪ. "ಮಿಲಿಟರಿಯೋರು ಹರಾಜು ಹಾಕಿದ ಗಾಡಿ ಅಲ್ವಾ, ಒಂದು ಚೀಟಿನೂ ಎಸೆದಿಲ್ಲ." ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, ಹತ್ತಿರವಿದ್ದ ಹಬೀಬುಲ್ಲಾನ ಕೈಗೆ ಕೊಟ್ಟ.

ಮಡಿಕೆಯ ಹೊರಗೆ ನೇರಳೆ ಶಾಯಿ ಇಣುಕುತ್ತಿತ್ತು.

ಮೂರು ವರ್ಷದ ಹಿಂದಿನ ಆ ದಿನ ಇಡಿಯಾಗಿ ನೆನಪಿಗೆ ಬಂತು. ಸೊರಬದಲ್ಲಿ ಒಂದು ಮದುವೆ ಮುಗಿಸಿಕೊಂಡು, ಈ ಜೀಪಿನ ಅರ್ಜಿ ತುಂಬಲು ಹೊಸಬಾಳೆಯ ಬಂಗಾರಪ್ಪನ ಅಂಗಳಕ್ಕೆ ಹೋಗಿದ್ದೆ. ಜರಿಯಂಚಿನ ಹೊಸ ಪಂಚೆ ಉಟ್ಟಿದ್ದೆ. ಚಾಸಿಯ ಮೇಲೆ ಬೆರಳು ದಪ್ಪ ಎಣ್ಣೆ ಕೊಳೆ. ಪಂಚೆ ಕೆಡುತ್ತದೆಂದು ಬಗ್ಗಲಿಲ್ಲ, ಒರೆಸಲಿಲ್ಲ, ಪೆನ್ಸಿಲ್ ತಿಕ್ಕಲಿಲ್ಲ. ನಿಂತಲ್ಲಿಂದಲೇ ಓದಿ ಎಂಟು ಎಂದು ಬರೆದೆ. ನಾನು ಬರೆದದ್ದನ್ನೇ ಸರಕಾರಿ ಕಚೇರಿಯವರು ಆರ್.ಸಿ.ಗೆ ಇಳಿಸಿದ್ದರು.

ಹಬೀಬುಲ್ಲಾ ಹಾಳೆ ಬಿಡಿಸಿ ನೋಡಿದ. ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಅದನ್ನು ಮೊದಲಿನಂತೆ ಮಡಿಸಿ, "ಮಸುಕಾಗೈತಿ, ಏನೂ ಕಾಣೋದಿಲ್ಲ," ಎಂದು ಬಂಗಾರಪ್ಪನಿಗೆ ಹಿಂದಕ್ಕೆ ಕೊಟ್ಟ. "ಯಾರೋ ಗುಮಾಸ್ತ ನಕಲು ಮಾಡೋ ಮುಂದ ತಪ್ಪಿರಬೇಕು ಬಿಡ್ರಿ. ಶೇಷಪ್ಪಣ್ಣಗ ಸಂಶಯ ಬಂದದ್ದಕ್ಕ ಗೊತ್ತಾತು."

ಪರಮಶಿವಪ್ಪನವರು ತಲೆಯಾಡಿಸಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಬಹುಶಃ ಕೆಲಸವೂ ನನ್ನದಾಗುತ್ತಿತ್ತು. ಆದರೆ ನೀವೇ ಹೇಳಿ. ನಿನ್ನೆ ತಾನೆ ಇವನನ್ನು ಪರಮಶಿವಪ್ಪನವರ ಎದುರು ಮೋಸಗಾರನನ್ನಾಗಿ ಮಾಡಿದ್ದೆ. ಇಂದು ಇವನು ನನ್ನ ಮಾನ ಕಾಯುತ್ತಿದ್ದಾನೆ! ಕ್ಯಾಮೆರಾ ಅವನಿಗೆ, ಮಣೆ ಅವನಿಗೆ, ಮುದುಕಿಯರ ಹಾರೈಕೆ ಅವನಿಗೆ. ಈಗ ದೊಡ್ಡತನವೂ ಅವನಿಗೇ ಹೋಗಬೇಕೆ? ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

"ಮಸುಕೂ ಇಲ್ಲ, ಮಣ್ಣೂ ಇಲ್ಲ!" ಎಂದು ಕೂಗಿಬಿಟ್ಟೆ. "ಅದು ನನ್ನ ಅಕ್ಷರ. ತಪ್ಪು ಬರೆದೋನು ನಾನೇ. ಪಂಚಿ ಕೊಳಿ ಆಕ್ಕೈತಿ ಅಂತ ಬಗ್ಗಲಿಲ್ಲ."

ಬಂಗಾರಪ್ಪ ಹಾಳೆಯನ್ನು ಮತ್ತೆ ಬಿಡಿಸಿದ. ಪರಮಶಿವಪ್ಪನವರು ಹಾಳೆ ತೆಗೆದುಕೊಂಡು ಓದಿ, ನಿಧಾನವಾಗಿ ಜೇಬಿಗೆ ಹಾಕಿಕೊಂಡರು. "ಆರ್.ಸಿ. ತಿದ್ದಸಾಕ ಇವತ್ತೇ ಅರ್ಜಿ ಬರೀರಿ. ಫೋಟೊನೂ ಪೆನ್ಸಿಲ್ ಅಚ್ಚೂ ಲಗತ್ತಸ್ರಿ. ಬಂಗಾರಪ್ಪನೋರ ಕ್ಲೇಮು ನಾನು ನಿಲ್ಲಸೋದಿಲ್ಲ," ಎಂದರು. ಕೆಲಸದ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅಲ್ಲೇ ಒಂದು ಟೈರಿನ ಮೇಲೆ ಹಲಗೆ ಇಟ್ಟುಕೊಂಡು ಅರ್ಜಿ ಬರೆದೆ. ಬಿ ಬರೆಯುವಾಗ ಬೆನ್ನಿನ ಗೆರೆಯನ್ನು ಎರಡು ಸಲ ಎಳೆದೆ.

ವಾಪಸು ಬರುವ ಬಸ್ಸಿನಲ್ಲಿ ಹಬೀಬುಲ್ಲಾ ನನ್ನ ಪಕ್ಕದಲ್ಲೇ ಬಂದು ಕೂತ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹೇಳಿದ:

"ಅಣ್ಣ, ಒಂದು ಮಾತು ಹೇಳತೀನಿ, ಸಿಟ್ಟಾಗಬೇಡ್ರಿ. ಆ ಫೋಟೊ ನಾನು ಓದೇ ಇರಲಿಲ್ಲ. ನನಗ ಇಂಗ್ಲಿಷ್ ಅಕ್ಷರ ಅಷ್ಟಕ್ಕಷ್ಟೇ. ಪರಮಶಿವಪ್ಪನೋರೂ ಓದ್ತಿರಲಿಲ್ಲ. ನೀವು ಸರಿ ಐತಿ ಅಂತ ಬರಕೊಟ್ಟಿದ್ರ ಅದು ಹಂಗೇ ಹೋಗಿಬಿಡ್ತಿತ್ತು."

ಅವನ ತಪ್ಪು ಹುಡುಕುವ ಆಸೆಯಿಂದ ಆ ಫೋಟೊವನ್ನು ಅಷ್ಟು ಚೆನ್ನಾಗಿ ನೋಡಿದ್ದೆ. ಮೂರು ವರ್ಷದ ಹಿಂದೆ ಬಂಗಾರಪ್ಪನ ಅಂಗಳದಲ್ಲಿ ಚಾಸಿಯನ್ನು ಅಷ್ಟು ಚೆನ್ನಾಗಿ ಒಂದು ಸಲ ನೋಡಿದ್ದರೆ ಸಾಕಿತ್ತು.

"ಈಗ ಕೆಲಸ ನನಗ ಬಂತು," ಎಂದ ಅವನು. "ಓದಾಕ ಬರೋದಿಲ್ಲ. ಸಂಜಿ ಹೊತ್ತು ಸ್ಟುಡಿಯೋಕ್ಕ ಬರ್ತೀರೇನು? ಬಂದದ್ದರಾಗ ಅರ್ಧ ನಿಮಗ."

ಬರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ನಾನು ಹೋಗದಿದ್ದರೆ ಇವನು ಬೇರೆ ಯಾರನ್ನಾದರೂ ಕರೆಯುತ್ತಾನಲ್ಲ ಎನ್ನಿಸಿತು. "ಭೂತಗನ್ನಡಿ ನಂದೇ ತರ್ತೀನಿ," ಎಂದೆ.

ಈಗ ದಿನಾ ಸಂಜೆ ರಸ್ತೆ ದಾಟಿ ಹೋಗುತ್ತೇನೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನಾನು ಓದುತ್ತೇನೆ, ಅವನು ಗುರುತು ಹಾಕುತ್ತಾನೆ. ಕೊನೆಗೆ ಸಹಿ ಅವನದು. ಅವನ ಹೆಂಡತಿ ಶಮ್ಸುನ್ನೀಸಾ ಒಳಗಿನಿಂದ ಏಲಕ್ಕಿ ಹಾಕಿದ ಚಹಾ ಕಳಿಸುತ್ತಾಳೆ. ನಮ್ಮ ಮನೆಯ ಚಹಾ ಯಾವತ್ತೂ ಹಾಗೆ ಆಗಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.