ಹಾರ ಹಾಕಿದ ಮೇವಿನ ಮಷೀನು

ಹುಮನಾಬಾದಿನ ಕೃಷಿ ಮೇಳದಲ್ಲಿ ತಮ್ಮ ಮಳಿಗೆ ನೋಡಿದ ಶೀತಲಳಿಗೆ ಮೈಯೆಲ್ಲ ಉರಿದುಹೋಯಿತು. ಬಸವಕಲ್ಯಾಣದ ಮೇವು ಕತ್ತರಿಸುವ ಮಷೀನಿನ ಕಾರ್ಖಾನೆಯಲ್ಲಿ ಮಾರಾಟ ಅವಳದೇ ಹೊಣೆ. ಈ ಮಳಿಗೆಯ ನಕ್ಷೆ ಬರೆದುಕೊಟ್ಟವಳೂ ಅವಳೇ.

ಎರಡು ಕಡೆ ತೆರೆದ ಮೂಲೆಯ ಜಾಗವನ್ನು ಆಯೋಜಕರ ಬೆನ್ನುಹತ್ತಿ ಗಿಟ್ಟಿಸಿದ್ದಳು. ಅವಳ ನಕ್ಷೆಯಲ್ಲಿ ದಾರಿಯ ಕಡೆ ಮಷೀನು, ಅಲ್ಲೇ ಕರೆಂಟಿನ ಲೈನು, ಸುತ್ತ ಹಗ್ಗ. ಮೇಜು ಹಿಂದಿನ ಗೋಡೆಗೆ. ಮೆಕ್ಯಾನಿಕ್ ಮಹೆಬೂಬ ಜೋಳದ ದಂಟು ಕತ್ತರಿಸಿ ತೋರಿಸುವುದು. ನೋಡಿದವರ ಊರು, ಫೋನು, ದನ ಎಷ್ಟು, ಯಾವಾಗ ಕೊಳ್ಳುತ್ತಾರೆ ಎಂಬುದನ್ನು ಇವಳು ಮೊಬೈಲಿಗೆ ಹಾಕಿಕೊಳ್ಳುವುದು. ಹಾಗೆ ಬರೆಸಿದವರಿಗಷ್ಟೇ ದನ ನೆಕ್ಕುವ ಉಪ್ಪಿನ ಗಟ್ಟಿ. ಟೋಪಿ ಹಂಚಿದರೆ ಮೇಳವೆಲ್ಲ ಮುಗಿಬೀಳುತ್ತದೆ, ಉಪ್ಪಿನ ಗಟ್ಟಿಗೆ ದನ ಕಟ್ಟಿದವರೇ ಬರುತ್ತಾರೆ ಎಂಬುದು ಅವಳ ಎಣಿಕೆ. ಗಿರಾಕಿ ಕುದುರಿದರೆ ಹುಮನಾಬಾದಿನ ಹೊಸ ಅಂಗಡಿ ನಿನಗೇ ಎಂದು ಮಾಲೀಕ ಅಶೋಕಕುಮಾರ ಮಾತು ಕೊಟ್ಟಿದ್ದ.

ಆ ಪುಣ್ಯಾತ್ಮನೇ ಈಗ ಮಳಿಗೆ ತುಂಬ ಕೆಂಪು ಜಮಖಾನೆ ಹಾಸಿಸಿದ್ದ. ದೊಡ್ಡವರು ಬಂದರೆ ಕೂರಲೆಂದು ಮುಂದೆ ಸೋಫಾ. ದೊಡ್ಡವರು ಬರುವ ತನಕ ಅದರಲ್ಲಿ ಅವನ ಭಾಮೈದ ಅಮೃತ. ಮಷೀನು ಹಿಂದಿನ ಮೂಲೆಯಲ್ಲಿ, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು.

ರೈತರು ಬಂದರು. ಜಮಖಾನೆಯ ಅಂಚಿಗೆ ಚಪ್ಪಲಿ ಬಿಟ್ಟರು, ಮಷೀನಿಗೆ ಕೈಮುಗಿದರು, ಹೊರಟೇಹೋದರು. ಒಬ್ಬರೂ ಬೆಲೆ ಕೇಳಲಿಲ್ಲ. ಹಾರ ತೆಗೆಸಿ ಎಂದರೆ, ಪೂಜೆ ಮಾಡಿದ್ದನ್ನು ಅಲುಗಾಡಿಸಬಾರದು ಎಂದು ಅಶೋಕಕುಮಾರ ಅವಳ ಬಾಯಿ ಮುಚ್ಚಿಸಿದ.

ಅವನು ಊಟಕ್ಕೆ ಹೋದದ್ದೇ ತಡ, ಶೀತಲ ಅಮೃತನನ್ನು ಎಬ್ಬಿಸಿ, ಸೋಫಾ ಹೊರಗೆ ಹಾಕಿಸಿ, ಜಮಖಾನೆ ಸುತ್ತಿಟ್ಟಳು. ಹಾರವನ್ನು ತಾನೇ ತೆಗೆದಳು. ಮಹೆಬೂಬ ಮಷೀನು ಮುಂದೆ ತಂದು ಚಾಲೂ ಮಾಡಿದ. ಆ ಸದ್ದಿಗೇ ಜನ ಕೂಡಿತು. ಹಳ್ಳಿಖೇಡ, ಕೊಹಿನೂರ ಊರುಗಳ ರೈತರು ಚಪ್ಪಲಿ ಕಾಲಲ್ಲೇ ಒಳಬಂದು ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಅವರ ಊರು, ಫೋನು ಬರೆದುಕೊಳ್ಳುತ್ತ ಸಂಜೆಯವರೆಗೆ ಅವಳಿಗೆ ತಲೆ ಎತ್ತಲು ಬಿಡುವಾಗಲಿಲ್ಲ.

ಸಂಜೆ ತಿರುಗಿ ಬಂದ ಅಶೋಕಕುಮಾರ ಜನ ನೋಡಿ ಹಿಗ್ಗಿಹೋದ.

"ನೋಡಿದ್ಯಾ, ಪೂಜಾ ಕೈ ಹಿಡೀತು. ಹೊಸ ಅಂಗಡಿ ಅಮೃತ ನೋಡ್ಕೋತಾನ. ನೀ ಅವನ ಕೈಕೆಳಗ ಇರು."

ಶೀತಲ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

"ಹಂಗಾದ್ರ ನಾಳೆ ಪೂಜಾನೇ ಮಾಡ್ಸ್ರಿ. ನಾ ಬರಂಗಿಲ್ಲ."

ಮರುದಿನ ಮಧ್ಯಾಹ್ನ ಅವಳು ಬಸವಕಲ್ಯಾಣದ ಮನೆಯಲ್ಲಿದ್ದಾಗ ಫೋನು ಬಂತು. ಅಶೋಕಕುಮಾರನ ದನಿ ಮೆತ್ತಗಾಗಿತ್ತು.

"ಇವತ್ತೂ ಪೂಜಾ ಮಾಡ್ಸೀನಿ, ಜನ ಮತ್ತ ಹೊರಗ ಚಪ್ಪಲಿ ಬಿಡಾಕತ್ತಾರವಾ. ಲಗೂ ಬಾ."

"ಬರ್ತೀನ್ರಿ. ಮದಲ ಹೊಸ ಅಂಗಡಿ ಚಾವಿ ಅಮೃತನ ಕೈಯಾಗಿಂದ ಇಸ್ಕೊಂಡು, ಮಹೆಬೂಬನ ಕೈಯಾಗ ಇಲ್ಲಿಗಿ ಕಳಸ್ರಿ."