ಬಿಟ್ಟು ಓದಿದ ಸಾಲು

ಮಮಸಾಲಿ ಅಗಾಯ್ ಅವರ ಮೇಜಿನ ಮೇಲೆ ಒಂದು ಪ್ಲಾಸ್ಟರ್ ಅಚ್ಚು ಇದೆ. ಗೇಣುದ್ದದ, ಹಲ್ಲಿಯಂಥ ಪ್ರಾಣಿ. ಅದರ ಉದ್ದನೆಯ ಹಿಂಗಾಲುಗಳಿಗೂ ಬಾಲಕ್ಕೂ ನಡುವೆ ತೆಳ್ಳನೆಯ ಚರ್ಮ ಹಾಸಿದೆ. ಅಸಲು ಪಳೆಯುಳಿಕೆಯ ಕಲ್ಲು ಮಾಸ್ಕೋದಲ್ಲಿದೆ, ಸಿಕ್ಕಿದ್ದು ಮಾತ್ರ ನಮ್ಮ ಮದಿಗೆನ್ ಕಣಿವೆಯಲ್ಲಿ. ಅಚ್ಚಿನ ಕೆಳಗೆ ಅಗಾಯ್ ತಮ್ಮ ಕೈಯಾರೆ ಬರೆದು ಅಂಟಿಸಿದ ಚೀಟಿ: ‘ಹಕ್ಕಿಗಳ ತಾತ. ನಮ್ಮೂರಿನವನು.’

ಅಗಾಯ್ ಎಂದರೆ ನಮ್ಮಲ್ಲಿ ಗುರುಗಳು. ಈ ಸೀಮೆಯ ಜೀವಶಾಸ್ತ್ರದ ಮೇಷ್ಟರುಗಳೆಲ್ಲ ಅಗಾಯ್ ಶಿಷ್ಯರೇ. ನಾನೂ ಅವರಲ್ಲೊಬ್ಬಳು. ಎಲ್ಲರೂ ಆ ಚೀಟಿ ಓದಿಕೊಂಡೇ ಬೆಳೆದವರು. ಮದುವೆ ಊಟದಲ್ಲಿ ಎದ್ದು ನಿಂತು, ‘ಜಗತ್ತಿನ ಹಕ್ಕಿಗಳೆಲ್ಲ ನಮ್ಮ ಕಣಿವೆಯಿಂದ ಹಾರಿದವು’ ಎಂದು ಬಟ್ಟಲು ಎತ್ತುವ ಜನ ನಾವು. ಅದು ಸರಿಯಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕಟ್ಟಿದ್ದು ಉಮ್ಸುನಾಯ್. ಹನ್ನೊಂದನೇ ತರಗತಿಯ ಹುಡುಗಿ, ಕಣಿವೆಯ ಆಚೆಯ ಕುರಿಗಾಹಿಗಳ ಹಳ್ಳಿಯವಳು. ಪ್ರಾಂತ್ಯದ ಒಲಿಂಪಿಯಾಡ್‌ನಲ್ಲಿ ದೊಡ್ಡ ಪ್ರಶ್ನೆ ಇದು: ‘ನೈಸರ್ಗಿಕ ಆಯ್ಕೆ, ಹೊಂದಾಣಿಕೆ ಮತ್ತು ವಿಕಾಸಕ್ಕೆ ಪಳೆಯುಳಿಕೆಗಳ ಸಾಕ್ಷ್ಯವನ್ನು ನಿಮ್ಮ ನೆಲದ ಉದಾಹರಣೆಗಳೊಂದಿಗೆ ವಿವರಿಸಿ.’ ಮಾದರಿ ಉತ್ತರ ಬರೆದವರು ಅಗಾಯ್. ಅದರಲ್ಲಿ ಹಕ್ಕಿಗಳ ತಾತ ಇದ್ದೇ ಇದ್ದ. ಉಮ್ಸುನಾಯ್ ಮಾತ್ರ, ‘ಮದಿಗೆನ್‌ನ ಈ ಪ್ರಾಣಿ ಹಕ್ಕಿಗಳ ಪೂರ್ವಜ ಅಲ್ಲ’ ಎಂದು ಬರೆದಿದ್ದಳು. ಅಗಾಯ್‌ಗೆ ಕಣ್ಣಲ್ಲಿ ಪೊರೆ ಬಂದಿದೆ. ಉತ್ತರದ ಆ ಭಾಗ ಓದಿ ಹೇಳಿದವನು ನನ್ನ ಹಾಗೇ ಪರೀಕ್ಷಕನಾಗಿದ್ದ ಝುಮಕಾನ್. ಆ ಭಾಗದ ನಾಲ್ಕು ಅಂಕಕ್ಕೆ ಅಗಾಯ್ ಸೊನ್ನೆ ಹಾಕಿಸಿದರು. ಹುಡುಗಿ ನಾಲ್ಕನೆಯವಳಾದಳು. ರಾಜಧಾನಿಯಲ್ಲಿ ನಡೆಯುವ ಕೊನೆಯ ಸುತ್ತಿಗೆ ಹೋಗುವವರು ಮೂವರೇ; ಅಲ್ಲಿ ಗೆದ್ದರೆ ವಿಶ್ವವಿದ್ಯಾಲಯದಲ್ಲಿ ಪುಕ್ಕಟೆ ಓದು. ಮೂರನೆಯವನಿಗೂ ಇವಳಿಗೂ ನಡುವೆ ಒಂದೇ ಅಂಕದ ಅಂತರ.

ನಮ್ಮಲ್ಲಿ ಅಂಕ ಒಪ್ಪದ ವಿದ್ಯಾರ್ಥಿ ಮೇಲ್ಮನವಿ ಹಾಕಬಹುದು. ಮೂವರು ಪರೀಕ್ಷಕರ, ಅಂದರೆ ಅಗಾಯ್, ಝುಮಕಾನ್ ಮತ್ತು ನನ್ನ ಎದುರು ಕೂತು, ತನ್ನ ಉತ್ತರ ಯಾಕೆ ಸರಿ ಎಂದು ವಾದಿಸಬಹುದು. ಗೆದ್ದರೆ ಅಂಕ ಏರುತ್ತದೆ. ಆದರೆ ಸಹಿ ಬೀಳುವ ಮೊದಲು ಆ ಉತ್ತರವನ್ನು ಮೊದಲಿಂದ ಕೊನೆಯವರೆಗೂ ಮತ್ತೆ ಓದಬೇಕು. ತಪ್ಪು ಸಿಕ್ಕರೆ ಅಂಕ ಇಳಿಯುತ್ತದೆ ಕೂಡ. ಉಮ್ಸುನಾಯ್ ಮನವಿ ಹಾಕಿದಳು.

ಅವಳ ಉತ್ತರಪತ್ರಿಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಾನು ಓದಿದ್ದು ಆಗಲೇ. ಬರಹ ಎಂದರೆ ಬರಹ! ಜುತ್ ಬಂದ ಚಳಿಗಾಲದ ಬಗ್ಗೆ ಬರೆದಿದ್ದಳು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಮಂಜಿನ ಕಲ್ಲುಚಪ್ಪಡಿ ಕೂತು, ದನಕರು ಹಸಿದು ಸಾಯುವುದನ್ನು ನಾವು ಜುತ್ ಎನ್ನುತ್ತೇವೆ. ಹಿಂಡಿನಲ್ಲಿ ಕೆಲವು ಕುರಿಗಳಿಗೆ ಹುಟ್ಟಿನಿಂದಲೇ ಬಾಲದಲ್ಲಿ ಕೊಬ್ಬು ಹೆಚ್ಚು, ಕೆಲವಕ್ಕೆ ಕಡಿಮೆ. ಕಡಿಮೆ ಇದ್ದವು ಹೆಚ್ಚಾಗಿ ಸತ್ತವು. ಉಳಿದವುಗಳ ಮರಿಗಳು ತಾಯಿಯನ್ನೇ ಹೋಲಿದವು. ಕುರಿ ಸಾಕುಪ್ರಾಣಿಯೇ ಆದರೂ ಆ ವರ್ಷ ಆರಿಸಿದ್ದು ಕುರುಬನಲ್ಲ, ಚಳಿ. ಯಾವ ಕುರಿಯೂ ಬದಲಾಗಲಿಲ್ಲ, ಬದಲಾದದ್ದು ಹಿಂಡು. ಓದುತ್ತಾ ನನಗೆ ಹೊಟ್ಟೆಕಿಚ್ಚೇ ಆಯಿತು.

ಅದರ ಮುಂದಿನ ಸಾಲನ್ನು ಎರಡು ಸಲ ಓದಿದೆ. ‘ಮಂಜು ಕೆರೆದು ಕೆರೆದು ಕುರಿಗಳ ಗೊರಸು ಗಟ್ಟಿಯಾಯಿತು, ಆ ಗಟ್ಟಿತನವನ್ನು ಅವು ಮರಿಗಳಿಗೆ ಕೊಟ್ಟವು.’ ಇದ್ದದ್ದನ್ನೆಲ್ಲ ಕೆಡಿಸುವ ಸಾಲು. ಬದುಕಿನಲ್ಲಿ ಗಳಿಸಿದ್ದು ಮರಿಗೆ ಹೋಗುವುದಿಲ್ಲ. ಆ ಭೇದ ತಿಳಿದಿರುವುದಕ್ಕೇ ಮಾದರಿ ಉತ್ತರದಲ್ಲಿ ಮೂರು ಅಂಕ ಇಟ್ಟಿತ್ತು. ಆ ಭಾಗ ತಿದ್ದಿದ್ದ ಝುಮಕಾನ್ ಅದನ್ನು ನೋಡೇ ಇರಲಿಲ್ಲ, ಪೂರ್ತಿ ಅಂಕ ಹಾಕಿದ್ದ. ಚಹಾ ಕುಡಿಯುತ್ತಾ ತಿದ್ದುವ ಗಿರಾಕಿ ಅವನು.

ಲೆಕ್ಕ ಹಾಕಿದೆ. ನಾಲ್ಕು ಬಂದು ಮೂರು ಹೋದರೆ ಅವಳು ಮೂರನೆಯ ಹುಡುಗನ ಸಮಕ್ಕೆ ನಿಲ್ಲುತ್ತಾಳೆ. ಸಮ ಬಂದರೆ ಪ್ರಯೋಗ ಪರೀಕ್ಷೆಯ ಅಂಕ ನೋಡುತ್ತಾರೆ, ಅದರಲ್ಲಿ ಆ ಹುಡುಗನೇ ಮುಂದೆ. ಮೂರು ಅಂಕ ಕಳೆಯದಿದ್ದರೆ ರಾಜಧಾನಿಗೆ ಇವಳು ಹೋಗುತ್ತಾಳೆ.

ಮನವಿಯ ದಿನ ಅವಳು ಒಳಗೆ ಬಂದಾಗ ಬಾಗಿಲ ಹೊರಗೆ ಅವಳ ಅಣ್ಣ ಚೀಲ ಹಿಡಿದು ನಿಂತಿದ್ದ.

“ಅವ್ನ್ಯಾರಮ್ಮ, ವಕೀಲನಾ?” ಎಂದ ಝುಮಕಾನ್.

“ಅಣ್ಣ. ಭಾನುವಾರ ರಷ್ಯಾದ ಬಸ್ಸಿಗೆ ಹೋಗ್ತಾನೆ, ಗೋದಾಮಲ್ಲಿ ಕೆಲಸ. ಇಲ್ಲಿ ಆಗ್ಲಿಲ್ಲ ಅಂದ್ರೆ ನಾನೂ ಅವನ ಜೊತೆ ಹೊರಡ್ಬೇಕು.”

ಝುಮಕಾನ್ ಚಹಾ ಬಟ್ಟಲು ಎತ್ತಿದ.

ಅಗಾಯ್ ಅಚ್ಚನ್ನು ಅವಳ ಮುಂದೆ ತಳ್ಳಿದರು. “ಇವನು ಹಕ್ಕಿಗಿಂತ ಮುಂಚಿನವನು. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಕಲ್ಲು. ಹಾರಾಡ್ತಿದ್ದ. ಇನ್ನೇನು ಬೇಕು ನಿಂಗೆ?”

“ಹಾರಾಡ್ತಿರ್ಲಿಲ್ಲ ಅಗಾಯ್, ತೇಲ್ತಿತ್ತು. ಮರದಿಂದ ಮರಕ್ಕೆ.”

“ತೇಲೋದೇ ಮೊದಲ ಪಾಠ ಅಲ್ವಾ?”

“ಇದು ಕಾಲಲ್ಲಿ ತೇಲ್ತಿತ್ತು. ಹಕ್ಕಿ ರೆಕ್ಕೆ ಇರೋದು ಕೈಯಲ್ಲಿ. ಕಾಲಿನ ಚರ್ಮ ಕೈಗೆ ಹೋಗಿ ಗರಿ ಆಗಲ್ಲ.”

“ಮುಂಚೆ ಬಂದವನು ತಾತ ಆಗ್ಬಾರ್ದಾ?”

“ನಮ್ಮಪ್ಪನ ಚಿಕ್ಕಪ್ಪ ನಮ್ಮಪ್ಪನಿಗಿಂತ ಮುಂಚೆ ಹುಟ್ಟಿದೋರು. ಹಾಗಂತ ಅವರು ನಮ್ಮಪ್ಪನ ಹೆತ್ತೋರಾ?”

ಝುಮಕಾನ್ ಕಿಸಕ್ಕೆಂದ. ಅಗಾಯ್ ಅವನ ಕಡೆ ತಿರುಗಿದ್ದೇ ತಡ, ಕೆಮ್ಮು ಬಂದವನಂತೆ ಮಾಡಿದ.

ಹುಡುಗಿ ನಿಲ್ಲಿಸಲಿಲ್ಲ. “ಗರಿ ಇದ್ದು, ಜೊತೆಗೆ ಬಾಯಲ್ಲಿ ಹಲ್ಲು, ಕೈಬೆರಳಲ್ಲಿ ಉಗುರು, ಉದ್ದ ಮೂಳೆಬಾಲ ಇರೋ ಕಲ್ಲು ಜರ್ಮನಿಯಲ್ಲಿ ಸಿಕ್ಕಿದೆ. ಅರ್ಧ ಸರೀಸೃಪ, ಅರ್ಧ ಹಕ್ಕಿ. ಸಾಕ್ಷಿ ಅಂದ್ರೆ ಅದು. ನಮ್ಮದೂ ಸಣ್ಣದಲ್ಲ ಅಗಾಯ್. ತೇಲೋಕೆ ಬೇರೆ ದಾರಿನೂ ಇತ್ತು, ಇನ್ನೊಂದು ವಂಶ ಅದನ್ನ ಹಿಡೀತು ಅಂತ ತೋರಿಸುತ್ತೆ. ಅದನ್ನೇ ಬರ್ದಿದೀನಿ.”

ಅಗಾಯ್ ಅಚ್ಚನ್ನು ಮುಟ್ಟಿ ನೋಡಿದರು. ಕಣ್ಣು ಕಾಣದ ಮೇಲೆ ಅವರು ಎಲ್ಲವನ್ನೂ ಬೆರಳಲ್ಲೇ ನೋಡುತ್ತಾರೆ. ಹಿಂಗಾಲಿನ ಉದ್ದಕ್ಕೂ ಬೆರಳು ಓಡಿತು, ಬಾಲದವರೆಗೆ ಹೋಗಿ ಅಲ್ಲಿಂದ ಸಣ್ಣ ಮುಂಗಾಲಿಗೆ ಬಂತು. ಎಷ್ಟೋ ಹೊತ್ತು ಅಲ್ಲೇ ನಿಂತಿತು.

“ಕಾಲು,” ಎಂದರು ಕೊನೆಗೆ. “ಮೊದಲಿಂದಲೂ ಕಾಲೇ. ನಮಗೆ ಬೇಕಾಗಿದ್ದು ರೆಕ್ಕೆ, ಅದಕ್ಕೇ ರೆಕ್ಕೆ ಅಂದ್ಕೊಂಡ್ವಿ.” ಆಮೇಲೆ ನನ್ನ ಕಡೆ ಮುಖ ಮಾಡಿ, “ನಾಲ್ಕೂ ಕೊಡು ಸಾಯಿರಾ,” ಎಂದರು.

ಆ ಕ್ಷಣ ನನಗೆ ಅಗಾಯ್ ಮೇಲೆ ಉಕ್ಕಿ ಬಂದ ಪ್ರೀತಿ ಅಷ್ಟಿಷ್ಟಲ್ಲ. ಎಪ್ಪತ್ತು ದಾಟಿದ ಮೇಲೆ, ಶಿಷ್ಯರ ಎದುರಿಗೇ, ಜೀವಮಾನದ ಮಾತನ್ನು ಕೆಳಗಿಡುವುದು ಯಾರಿಗೆ ಬರುತ್ತದೆ? ಉಮ್ಸುನಾಯ್ ಮುಖ ಕೆಂಪೇರಿತ್ತು. ಬಾಗಿಲ ಕಡೆ ಒಮ್ಮೆ ನೋಡಿದಳು, ಅಣ್ಣನಿಗೆ ಹೇಳಲೇ ಎಂಬಂತೆ.

“ಇನ್ನು ಪೂರ್ತಿ ಓದಿಬಿಡಮ್ಮ, ಸಹಿ ಹಾಕೋಣ,” ಎಂದರು ಅಗಾಯ್.

ಓದಬೇಕಾದವಳು ನಾನು. ಪತ್ರಿಕೆ ನನ್ನ ಕೈಯಲ್ಲಿ. ಅಗಾಯ್‌ಗೆ ಕಾಣುವುದಿಲ್ಲ, ಝುಮಕಾನ್ ತಟ್ಟೆಯಿಂದ ಒಣ ಜರ್ದಾಳು ಹಣ್ಣು ಆರಿಸುವುದರಲ್ಲಿ ಮುಳುಗಿದ್ದ. ಜುತ್ ಬಗ್ಗೆ ಓದಿದೆ. ಬಾಲದ ಕೊಬ್ಬು ಓದಿದೆ. ‘ಬದಲಾದದ್ದು ಹಿಂಡು’ ಎಂಬಲ್ಲಿಗೆ ಬಂದೆ. ಉಸಿರು ತೆಗೆದುಕೊಂಡು ಅದರ ಮುಂದಿನ ಸಾಲನ್ನು ಹಾರಿಸಿ, ನೇರ ಪಳೆಯುಳಿಕೆಯ ಭಾಗಕ್ಕೆ ಇಳಿದೆ. ತಪ್ಪೋ ಸರಿಯೋ ಎಂದು ಯೋಚಿಸಲಿಲ್ಲ. ಆ ಹುಡುಗಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದು ನನಗೆ ಬೇಡವಾಗಿತ್ತು, ಅಷ್ಟೇ.

“ಎಜೆ,” ಎಂದಳು ಉಮ್ಸುನಾಯ್, ಅಕ್ಕ ಎಂದು ಕರೆಯುವ ನಮ್ಮ ರೀತಿಯಲ್ಲಿ. “ಒಂದು ಸಾಲು ಬಿಟ್ರಿ.”

“ಇಲ್ಲಮ್ಮ, ಓದಿದೆ.”

“ಇಲ್ಲ ಎಜೆ. ಗೊರಸಿನ ಸಾಲು.”

ನಾನು ಅವಳನ್ನು ದುರುಗುಟ್ಟಿ ನೋಡಿದೆ. ಮೇಜಿನ ಕೆಳಗೆ ಕಾಲೂ ಚಾಚಿದೆ, ತಗುಲಿದ್ದು ಝುಮಕಾನ್‌ಗೆ. ಹುಡುಗಿಗೆ ಒಂದೂ ತಿಳಿಯಲಿಲ್ಲ.

“ಅದು ನಮ್ಮಪ್ಪ ಹೇಳ್ತಿದ್ದ ಮಾತು,” ಎಂದಳು. “ಹೋದ ವರ್ಷ ತೀರ್ಕೊಂಡ್ರು. ಇಡೀ ಉತ್ತರದಲ್ಲಿ ಅವರದ್ದು ಅಂತ ಇರೋದು ಅದೊಂದೇ. ಓದಿ ಎಜೆ, ಅಗಾಯ್ ಕೇಳ್ಲಿ.”

“ಓದು,” ಎಂದರು ಅಗಾಯ್.

ಓದಿದೆ. ಓದುವಾಗ ನನ್ನ ದನಿ ನನಗೇ ಕೇಳದಷ್ಟು ಸಣ್ಣಗಾಗಿತ್ತು. ಆದರೆ ಕಣ್ಣು ಹೋದವರ ಕಿವಿ ಚುರುಕು.

ಅಗಾಯ್ ಅಚ್ಚನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: “ಹಗ್ಗ ಎಳೆದು ಎಳೆದು ನಿಮ್ಮಪ್ಪನ ಅಂಗೈ ಜಡ್ಡುಗಟ್ಟಿತ್ತಾ ಮಗಳೇ?”

“ಹೂಂ ಅಗಾಯ್. ಕಲ್ಲಿನ ಹಾಗಿತ್ತು.”

“ನೀನು ಹುಟ್ಟಿದಾಗ ನಿನ್ನ ಅಂಗೈ ಹೇಗಿತ್ತು?”

ಅವಳು ನಗುತ್ತಲೇ ಉತ್ತರಿಸಲು ಹೊರಟವಳು ಅರ್ಧಕ್ಕೆ ನಿಂತಳು. ತನ್ನ ಕೈಗಳನ್ನು ನೋಡಿಕೊಂಡಳು. ಅವಳಿಗೆ ಅರ್ಥವಾಗುವುದನ್ನು ನಾನು ಕಣ್ಣಾರೆ ಕಂಡೆ; ಅಂಥದ್ದು ನೋಡಬಾರದು.

“ಅಪ್ಪ ಹೇಳಿದ್ದು ಸುಳ್ಳಾ ಅಗಾಯ್?”

“ಕಂಡದ್ದು ಸುಳ್ಳಲ್ಲ. ಮರಿಗಳ ಗೊರಸು ಗಟ್ಟಿ ಇದ್ದೇ ಇರುತ್ತೆ. ಹುಟ್ಟಿನಿಂದ ಗಟ್ಟಿ ಗೊರಸು ಇದ್ದ ಕುರಿ ಮಂಜು ಒಡೆದು ಹುಲ್ಲು ತಿಂತು, ಉಳೀತು, ಮರಿ ಹಾಕ್ತು. ಕೆರೆದು ಗಟ್ಟಿಯಾದದ್ದು ಕುರಿ ಜೊತೆಗೇ ಸಾಯುತ್ತೆ. ಕಂಡದ್ದು ಸರಿ, ಹೇಳಿದ ಕಾರಣ ತಪ್ಪು. ನಾನೂ ಹಾಗೇ ಅಲ್ವಾ ಕಲ್ಲು ನೋಡಿ ಕಾರಣ ಹೇಳಿದ್ದು?”

“ಈಗ ಗೊತ್ತಾಯ್ತು ಅಗಾಯ್, ಬಾಯಲ್ಲಿ ಹೇಳ್ಲಾ?”

“ಬರೆದದ್ದಕ್ಕೆ ಮಾತ್ರ ಅಂಕ, ಮಗಳೇ.” ಅಗಾಯ್ ಅವಳ ಕಡೆ ಮುಖ ತಿರುಗಿಸಿದರು. “ನನ್ನದೇ ಬರಹದ ತಪ್ಪನ್ನ ನೀನು ಬಿಡ್ಲಿಲ್ಲ. ನಿನ್ನದನ್ನ ನಾನು ಹೇಗೆ ಬಿಡ್ಲಿ?”

“ಅಗಾಯ್, ಒಂದು ಸಾಲಿಗೆ...” ಎಂದ ಝುಮಕಾನ್. ಅವನಿಗೂ ಈಗ ನಾಚಿಕೆಯಾಗಿತ್ತು.

“ನೀನು ತಿದ್ದುವಾಗ ನೋಡಿದ್ರೆ ಈ ಮಾತೇ ಬರ್ತಿರ್ಲಿಲ್ಲ. ಕಳಿ ಮೂರು, ಸಾಯಿರಾ.”

ಕಳೆದೆ. ಅಂಕ ಸಮ ಬಂದು ಮೂರನೆಯ ಸ್ಥಾನ ಆ ಹುಡುಗನಿಗೇ ಉಳಿಯಿತು. ಅವಳು ಸಹಿ ಹಾಕಿದಳು, ಅಳಲಿಲ್ಲ. ಅಗಾಯ್ ಅಚ್ಚಿನ ಕೆಳಗಿನ ಚೀಟಿಯನ್ನು ಉಗುರಿನಿಂದ ಕೀಳುತ್ತಾ ಕೂತರು. ಹಳೆಯ ಅಂಟು, ಚೂರು ಚೂರಾಗಿ ಬರುತ್ತಿತ್ತು.

ನಾನು ಅವಳ ಹಿಂದೆಯೇ ಹೊರಗೆ ಹೋದೆ. ಕೋಪ ಉಕ್ಕುತ್ತಿತ್ತು: ಝುಮಕಾನ್ ಮೇಲೆ, ಅಗಾಯ್ ಮೇಲೆ, ಯಾವುದನ್ನೂ ಬಿಡದ ಈ ಹುಡುಗಿಯ ಮೇಲೆ. ಅಣ್ಣ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಿದ್ದ. ಉಮ್ಸುನಾಯ್ ತಿರುಗಿ ನಿಂತಳು.

“ನಿಮಗೆ ಮೊದಲೇ ಗೊತ್ತಿತ್ತಾ ಎಜೆ?”

“ಗೊತ್ತಿತ್ತು.”

“ಅದಕ್ಕೇ ಬಿಟ್ರಾ?”

“ಹೂಂ.”

ಅವಳು ಸ್ವಲ್ಪ ಯೋಚಿಸಿದಳು. “ನಾನು ಸುಮ್ಮನಿದ್ದಿದ್ರೆ ರಾಜಧಾನಿಗೆ ಹೋಗ್ತಿದ್ದೆ, ಅಲ್ವಾ?”

ಇಲ್ಲ ಎನ್ನಬಹುದಿತ್ತು. ಹೇಗಿದ್ದರೂ ಆಗುತ್ತಿರಲಿಲ್ಲ ಕಣಮ್ಮ, ಬೇರೆ ತಪ್ಪೂ ಇತ್ತು ಎಂದು ಏನಾದರೊಂದು ಹೇಳಿ ಕಳಿಸಬಹುದಿತ್ತು. ಆದರೆ ಆ ಮುಖಕ್ಕೆ ಎರಡನೇ ಸಲ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

“ಹೋಗ್ತಿದ್ದೆ,” ಎಂದೆ.

ತಲೆಯಾಡಿಸಿದಳು. ಅಪ್ಪನ ಕೈ ನೆನಪಾಯಿತೋ ಏನೋ, ಅಂಗೈಯನ್ನು ಕೋಟಿಗೆ ಒರೆಸಿಕೊಂಡಳು. ಆಮೇಲೆ ಅಣ್ಣನ ಹಿಂದೆ ಮೆಟ್ಟಿಲಿಳಿದು ಹೋದಳು.